ಮನೆ ಯಜಮಾನನ ನಂಬರು

ನನ್ನ ಅಂಗಡಿಯಲ್ಲಿ ಒಂದು ಕಟ್ಟಳೆ ಇದೆ. ರೆಸ್ಯೂಮ್ ಟೈಪ್ ಮಾಡಿದ ಮೇಲೆ, ಪ್ರಿಂಟ್ ಒತ್ತುವ ಮೊದಲು, ಅದರಲ್ಲಿರುವ ನಂಬರಿಗೆ ನಾನೇ ಒಂದು ಸಲ ಫೋನ್ ಮಾಡುತ್ತೇನೆ. ಅದರಲ್ಲಿರುವ ಇ-ಮೇಲಿಗೆ ಒಂದು ಖಾಲಿ ಮೇಲ್ ಕಳಿಸುತ್ತೇನೆ. ಫೋನು ಗಿರಾಕಿಯ ಕೈಯಲ್ಲೇ ಹೊಡೆದುಕೊಳ್ಳಬೇಕು, ಮೇಲು ಅವರ ಕಣ್ಣೆದುರೇ ತೆರೆಯಬೇಕು. ಆಗಲೇ ಪ್ರಿಂಟು. ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಸೌತೆಕಾಯಿ ಮಾರಿಕೊಂಡು ಬೆಳೆದವಳು ನಾನು. ಬಸ್ಸು ಹೊರಡುವುದರೊಳಗೆ ಚಿಲ್ಲರೆ ಎಣಿಸಿಕೊಳ್ಳದಿದ್ದರೆ ಹೋಯಿತು ಎಂದು ಆಗಲೇ ಕಲಿತೆ. ಅದೇ ಸ್ಟ್ಯಾಂಡಿನೆದುರು ಝೆರಾಕ್ಸ್ ಅಂಗಡಿ ಹಾಕಿದ ಮೇಲೂ ಆ ಬುದ್ಧಿ ಬಿಟ್ಟಿಲ್ಲ. ಕೈ ಬಿಟ್ಟ ಮೇಲೆ ಕಾಗದ ನಮ್ಮದಲ್ಲ.

ಆ ಹುಡುಗಿ ಬಂದದ್ದು ಬೆಳಗಿನ ಹೊತ್ತು. ಹುಡುಗಿ ಅನ್ನುತ್ತೇನೆ, ಮದುವೆಯಾಗಿತ್ತು. ನರ್ಸಿಂಗ್ ಓದಿದ್ದಳು. ತವರು ನಾಗಮಂಗಲದ ಕಡೆ ಹಳ್ಳಿ, ಗಂಡನ ಮನೆ ಕಿಕ್ಕೇರಿ ಹತ್ತಿರ. ಅವಳನ್ನು ಬೈಕಿನಲ್ಲಿ ಕರೆತಂದವನು ಗಂಡನ ಅಣ್ಣ, ಅವಳ ಭಾವ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕಿವಿಗೆ ಹಿತವಾಗುವಂಥ ಮೃದು ಮಾತು.

"ಅಕ್ಕ, ಶ್ರೀರಂಗಪಟ್ಟಣದಲ್ಲಿ ಇಂಟರ್‌ವ್ಯೂ ಅದೆ ಇವ್ಳಿಗೆ. ಈ ಶೀಟು ಹೆಂಗದೋ ಅಂಗೇ ನಾಲ್ಕು ಕಾಪಿ ತೆಗ್ದುಕೊಟ್ಬುಡಿ. ನಾನು ಹಿಂಡಿ ಬೂಸಾ ಏರಿಸ್ಕೊಂಡು ಬತ್ತೀನಿ" ಎಂದು ಹೋದ. ಅವರದು ಹಾಲಿನ ಮನೆ, ಹತ್ತಾರು ಹಸು. ಅವಳ ಗಂಡ ಹಾಲಿನ ಗಾಡಿ ಓಡಿಸುತ್ತಾನೆ, ಮನೆಯ ವ್ಯವಹಾರವೆಲ್ಲ ಈ ಅಣ್ಣನದು. ಇಷ್ಟನ್ನು ಅವಳಿಂದ ಹೊರಡಿಸಲು ನನಗೆ ಮಿಷನ್ ಬಿಸಿಯಾಗುವಷ್ಟು ಹೊತ್ತೂ ಬೇಕಾಗಲಿಲ್ಲ.

ಶೀಟು ನೋಡಿದೆ. ಕಾಪಿಯ ಕಾಪಿಯ ಕಾಪಿ, ಅಕ್ಷರವೆಲ್ಲ ಬೂದಿ ಬಣ್ಣ.

"ಇದ್ನ ಕೊಟ್ರೆ ಆಸ್ಪತ್ರೆಯೋರು ಕನ್ನಡಕ ಇಸ್ಕೊಂಡು ಓದ್ಬೇಕು ಕಣವ್ವ. ಹೊಸದಾಗಿ ಟೈಪ್ ಮಾಡ್ಕೊಡ್ತೀನಿ, ನಿನ್ ಸರ್ಟಿಫಿಕೇಟ್ ಎಲ್ಲ ತೆಗಿ" ಎಂದೆ. ವ್ಯಾಪಾರದ ಮಾತೇ ಅದು, ಸುಳ್ಳೇಕೆ. ಆದರೆ ಸರ್ಟಿಫಿಕೇಟು ಪಕ್ಕದಲ್ಲಿಟ್ಟುಕೊಂಡ ಮೇಲೆ ವ್ಯಾಪಾರ ಮರೆತುಹೋಯಿತು.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವಳ ಹೆಸರು, ಹಿಂದೆ ಅಪ್ಪನ ಇನಿಷಿಯಲ್. ನರ್ಸಿಂಗ್ ಕೌನ್ಸಿಲಿನ ನೋಂದಣಿಯಲ್ಲೂ ಹಾಗೇ. ರೆಸ್ಯೂಮಿನ ತಲೆಯ ಮೇಲೆ ಮಾತ್ರ ಹೆಸರಿನ ಜೊತೆ ಗಂಡನ ಹೆಸರು. ಕೆಳಗೆ ಸಹಿಯ ಜಾಗದಲ್ಲಿ ಇನ್ನೊಂದು ರೀತಿ. ತಾಲ್ಲೂಕು ಒಂದು ಕಡೆ ಕೆ.ಆರ್.ಪೇಟೆ, ಇನ್ನೊಂದು ಕಡೆ ಕೃಷ್ಣರಾಜಪೇಟೆ, ಪಿನ್ ಕೋಡಿಲ್ಲ. ಇ-ಮೇಲು ಯಾವುದೋ ಡೈರಿಯ ಹೆಸರು, ಹಿಂದೆ ಒಂದು ರಾಶಿ ಅಂಕಿ. ಫೋನ್ ನಂಬರಿನ ಮುಂದೆ ಸೊನ್ನೆ.

ನನ್ನ ಬಾಯಿ ಸುಮ್ಮನಿರುವುದಲ್ಲ. "ನೋಡು ಮಗ, ಕೆಲಸ ಕೊಡೋನು ನಿನ್ನ ಮುಖ ನೋಡೋಕಿಂತ ಮುಂಚೆ ಕಾಗದ ನೋಡ್ತಾನೆ. ನಿನ್ನ ನೋಂದಣಿ ಸಂಖ್ಯೆ ಹಾಕಿ ನೋಡ್ದಾಗ ಒಂದು ಹೆಸರು, ಕಾಗದದಲ್ಲಿ ಇನ್ನೊಂದು ಹೆಸರು ಅಂದ್ರೆ, ಇದು ಇವ್ಳದೋ ಇವ್ಳ ಅಕ್ಕಂದೋ ಅಂತ ಪಕ್ಕಕ್ಕಿಡ್ತಾನೆ. ಅಂಕಪಟ್ಟಿಲಿ ಹೆಂಗದೋ ಅಂಗೇ ಎಲ್ಲಾ ಕಡೆ ಇರ್ಬೇಕು. ಇ-ಮೇಲಲ್ಲೂ ಅದೇ ಹೆಸರು. ಡೈರಿ ಹೆಸರಲ್ಲಿ ಮೇಲ್ ಬಂದ್ರೆ ಹಿಂಡಿ ಮಾರೋರು ಅಂದ್ಕತಾರೆ."

ಅವಳು ನಕ್ಕಳು. "ಭಾವನೇ ಮಾಡ್ಕೊಟ್ಟಿದ್ದು ಕಣಕ್ಕ, ರೆಸ್ಯೂಮು, ಮೇಲು ಎಲ್ಲ. ಪಾಪ, ಇಂಟರ್‌ವ್ಯೂಗೆಲ್ಲ ಅವ್ರೇ ಕರ್ಕೊಂಡೋಯ್ತಾರೆ. ಮೈಸೂರು, ಮಂಡ್ಯ, ಚನ್ನರಾಯಪಟ್ಣ. ನನ್ ಹಣೇಬರ, ಒಂದ್ರಿಂದಾನೂ ಫೋನ್ ಬರಲ್ಲ. ಬಾಯಲ್ಲಿ ಚೆನ್ನಾಗೇ ಹೇಳ್ತಾರೆ, ನಾಳೆ ತಿಳಿಸ್ತೀವಿ ಅಂತಾರೆ. ಆಮೇಲೆ ಏನೂ ಇಲ್ಲ."

"ಈ ನಂಬರು ಯಾರ್ದು?"

"ಭಾವಂದು. ನಮ್ಮನೇಲಿ ಎಲ್ಲಾ ಅರ್ಜಿಗೂ ಅದೇ. ರೇಷನ್ ಕಾರ್ಡು, ಅತ್ತೆ ಪಿಂಚಣಿ, ಸೊಸೈಟಿ ಸಾಲ. ಮನೆ ಯಜಮಾನ್ರ ನಂಬರು ಕೊಡೋದು ರೂಢಿ."

ರೂಢಿ ನನಗೆ ಗೊತ್ತಿಲ್ಲದ್ದಲ್ಲ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಅತ್ತೆ, ಸೊಸೆ, ಓದುವ ಮಕ್ಕಳು, ಎಲ್ಲರ ಅರ್ಜಿಗೂ ಒಂದೇ ನಂಬರು. ಯಜಮಾನನ ಜೇಬಿನ ಫೋನು ಮನೆಯ ಹೆಬ್ಬಾಗಿಲಿದ್ದ ಹಾಗೆ. ಕೂಗಿದವರಿಗೆಲ್ಲ ಅವನೇ ಓ ಅನ್ನಬೇಕು. ಪಿಂಚಣಿಗೆ ಅದು ನಡೆದುಹೋಗುತ್ತದೆ.

ನನ್ನದು ಕಟ್ಟಳೆಯಲ್ಲವೇ, ಮಾತಾಡುತ್ತಲೇ ಆ ನಂಬರು ಒತ್ತಿದೆ. ಕೈ ಕೀಬೋರ್ಡಿನ ಮೇಲಿದ್ದುದರಿಂದ ಸ್ಪೀಕರ್ ಹಾಕಿದ್ದೆ. ಅವಳು ಎದುರಿಗೆ ಸ್ಟೂಲಿನ ಮೇಲೆ ಕೂತು ಸರ್ಟಿಫಿಕೇಟುಗಳ ಅಂಚು ಸರಿಮಾಡುತ್ತಿದ್ದಳು.

"ಹಲೋ, ಹೇಳಿ."

ಅದೇ ಮೃದು ಗಂಟಲು. ನಾನು ಅಂಗಡಿಯವಳು ಕಣಪ್ಪ ಎನ್ನಬೇಕು ಅನ್ನುವಷ್ಟರಲ್ಲಿ, ಏಕೋ ಗೊತ್ತಿಲ್ಲ, ನಾಲಗೆ ಬೇರೆಯೇ ದಾರಿ ಹಿಡಿಯಿತು. ಸೌತೆಕಾಯಿ ಮಾರುವಾಗ ಎದುರಿನವನು ಎಷ್ಟಕ್ಕೆ ಬರುತ್ತಾನೆ ಎಂದು ಮೊದಲು ಅವನ ಬಾಯಿಂದಲೇ ಹೇಳಿಸುತ್ತಿದ್ದೆನಲ್ಲ, ಆ ಅಭ್ಯಾಸ.

"ಸರ್, ಆಸ್ಪತ್ರೆಯಿಂದ. ಸ್ಟಾಫ್ ನರ್ಸ್ ಕೆಲಸಕ್ಕೆ ರೆಸ್ಯೂಮ್ ಕೊಟ್ಟಿದ್ದರಲ್ಲ..."

ಒಂದು ಗಳಿಗೆಯೂ ತಡವರಿಸಲಿಲ್ಲ ಅವನು. ಮಾತಿನಿಂದ ಹಳ್ಳಿಯ ಎಳೆತವೆಲ್ಲ ಹೋಗಿ ಶುದ್ಧವಾಗಿಬಿಟ್ಟಿತು.

"ಹೌದು ಮೇಡಂ, ನಮ್ಮ ಮನೆಯವರೇ. ಆದರೆ ಅವರು ಜಾಯಿನ್ ಆಗೋ ಸ್ಥಿತಿಯಲ್ಲಿಲ್ಲ. ಪ್ರೆಗ್ನೆಂಟ್ ಇದ್ದಾರೆ, ಡಾಕ್ಟರು ಬೆಡ್ ರೆಸ್ಟ್ ಹೇಳಿದ್ದಾರೆ. ನೀವು ಬೇರೆಯವರನ್ನ ನೋಡ್ಕೊಳ್ಳಿ. ಮೇಲಲ್ಲೂ ತಿಳಿಸಿಬಿಡ್ತೀನಿ. ಯಾವ ಆಸ್ಪತ್ರೆ ಅಂದ್ರಿ?"

ನಾನು ಕಟ್ ಮಾಡಿದೆ.

ಅವಳು ಸರ್ಟಿಫಿಕೇಟುಗಳನ್ನು ಹಾಗೇ ಹಿಡಿದುಕೊಂಡಿದ್ದಳು. ಅಳಲಿಲ್ಲ. "ನನಗೆ ಬಸುರಿಲ್ಲ ಅಕ್ಕ" ಎಂದಳು, ಅದನ್ನು ನನಗೆ ನಂಬಿಸಬೇಕೇನೋ ಎಂಬಂತೆ.

ಆಮೇಲೆ ಒಂದೊಂದೇ ಹೊರಬಂತು. ಮದುವೆಯ ಮಾತುಕತೆಯ ದಿನ ಅವಳಪ್ಪ ನಾಲ್ಕು ಜನರೆದುರು ಒಂದೇ ಷರತ್ತು ಹಾಕಿದ್ದನಂತೆ: ಮಗಳನ್ನು ಓದಿಸಿದೀನಿ, ಕೆಲಸಕ್ಕೆ ಕಳಿಸಬೇಕು. ಆಗಲಿ ಎಂದು ಎಲೆ ಅಡಿಕೆ ತೆಗೆದುಕೊಂಡವನು ಈ ಭಾವನೇ. ಕೊಟ್ಟ ಮಾತು ತಪ್ಪಿದ ಅನ್ನಿಸಿಕೊಳ್ಳಬಾರದು, ಹಸುಗಳ ಹತ್ತಿರದಿಂದ ಒಂದು ಜೊತೆ ಕೈ ಹೋಗಲೂಬಾರದು. ಅದಕ್ಕೇ ಊರಿಗೆಲ್ಲ ಕಾಣುವ ಹಾಗೆ ಬೈಕಿನಲ್ಲಿ ಇಂಟರ್‌ವ್ಯೂಗೆ ಕರೆದೊಯ್ಯುತ್ತಾನೆ. ಯಾರಿಗೂ ಕಾಣದ ಹಾಗೆ ಬೇಡ ಅನ್ನುತ್ತಾನೆ. ಮನೆಯಲ್ಲಿ, "ಪ್ರಯತ್ನ ಮಾಡ್ದೋ, ಅವ್ಳ ಕೈಲಾಗ್ನಿಲ್ಲ" ಎಂಬ ಮಾತು ಆಗಲೇ ಶುರುವಾಗಿತ್ತಂತೆ. ಇವಳೂ ಅದನ್ನು ನಂಬತೊಡಗಿದ್ದಳು. ಹೋದ ಇಂಟರ್‌ವ್ಯೂ ಆದಮೇಲೆ, ಇನ್ನು ಸಾಕು, ನನಗೆ ಬರೋದಿಲ್ಲ ಎಂದು ತವರಿಗೂ ಹೇಳಿಬಿಟ್ಟಿದ್ದಳಂತೆ.

ಚೌಕಾಸಿಯಲ್ಲಿ ನಾನು ಕಂಡ ಆಟಗಳು ಬಹಳ. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಕೇಳುವವರನ್ನು ಕಂಡಿದ್ದೇನೆ. ಆದರೆ ಮಾರುವವಳ ನಾಲಗೆಯನ್ನೇ ತನ್ನ ಜೇಬಿನಲ್ಲಿಟ್ಟುಕೊಂಡು ಸಂತೆಗೆ ಕರೆದೊಯ್ಯುವವನನ್ನು ಕಂಡಿರಲಿಲ್ಲ.

ಮೇಜಿನ ಮೇಲೆ ನನ್ನ ಫೋನು ಹೊಡೆದುಕೊಳ್ಳಲು ಶುರುವಾಯಿತು. ಅವನೇ. ಸದ್ದು ನಿಲ್ಲಿಸಿ ಮಗುಚಿ ಇಟ್ಟೆ. ಸುಮ್ಮನಾಯಿತು. ಮತ್ತೆ ಮೇಜು ನಡುಗಿತು.

"ನಿನ್ ಕೈಲೊಂದು ಫೋನಿದ್ಯಲ್ಲ, ಅದು ಯಾರ್ದು?"

"ನಂದೇ. ಅಪ್ಪ ಕೊಡಿಸಿದ್ದು. ಸಿಮ್ಮೂ ನನ್ನ ಹೆಸರಲ್ಲೇ. ಬರೀ ಅವ್ವನ ಜೊತೆ ಮಾತಾಡೋಕೆ ಇಟ್ಕೊಂಡಿವ್ನಿ."

"ಅದನ್ನೇ ಹಾಕು. ಒಂದೇ ನಂಬರು. ಪ್ಲಸ್ ತೊಂಬತ್ತೊಂದು, ಒಂದು ಜಾಗ ಬಿಟ್ಟು ಐದು ಅಂಕಿ, ಇನ್ನೊಂದು ಜಾಗ ಬಿಟ್ಟು ಐದು. ಸೊನ್ನೆ ಬ್ಯಾಡ, ಗೀಟು ಎಳ್ದು ಇನ್ನೊಂದು ನಂಬರು ಬ್ಯಾಡ. ಇನ್ನೊಂದು ಇದ್ರೆ ಇನ್ನೊಬ್ರು ಎತ್ತಾರೆ."

ಅವಳ ಫೋನಿನಲ್ಲೇ ಹೊಸ ಮೇಲ್ ಮಾಡಿಸಿದೆ. ಅಂಕಪಟ್ಟಿಯ ಹೆಸರು, ಚುಕ್ಕೆ, ಇನಿಷಿಯಲ್. ಪಾಸ್‌ವರ್ಡ್ ಹಾಕುವಾಗ ನಾನು ಗೋಡೆ ಕಡೆ ತಿರುಗಿ ಕೂತೆ. "ನನಗೂ ಹೇಳ್ಬೇಡ, ನಿನ್ ಗಂಡಂಗೂ ಹೇಳ್ಬೇಡ. ಮರೆತ್ರೆ ವಾಪಸ್ ತಕ್ಕೊಳ್ಳೋಕೆ ಕೇಳ್ತದಲ್ಲ ನಂಬರು, ಅಲ್ಲೂ ನಿಂದೇ ಕೊಡು." ಖಾಲಿ ಮೇಲ್ ಕಳಿಸಿದೆ, ಅವಳ ಕೈಯಲ್ಲಿ ತೆರೆಯಿತು. ಫೋನ್ ಮಾಡಿದೆ, ಅವಳ ಕೈಯಲ್ಲಿ ಹೊಡೆದುಕೊಂಡಿತು. ಆಗ ಮೊದಲ ಸಲ ಅವಳ ಕಣ್ಣು ತುಂಬಿತು.

ಉಳಿದದ್ದು ವಿಳಾಸ. ಅಲ್ಲೇ ತಡೆಯಿತು.

"ಕಾಯಂ ವಿಳಾಸ ಆಧಾರಲ್ಲಿ ಇರೋ ಹಂಗೆ ಗಂಡನ ಮನೇದು ಇರ್ಲಿ, ಅಕ್ಷರ ಅಕ್ಷರ ಅದೇ. ಊರು, ಹೋಬಳಿ, ತಾಲ್ಲೂಕು, ಜಿಲ್ಲೆ, ಪಿನ್ನು. ಪತ್ರ ಕಳಿಸೋ ವಿಳಾಸ ಬೇರೆ ಹಾಕೋಣ. ಎರಡು ವಿಳಾಸ ಇದ್ರೆ ತಪ್ಪಲ್ಲ, ಯಾವ್ದು ಯಾಕೆ ಅಂತ ಬರೆದಿರ್ಬೇಕು ಅಷ್ಟೆ. ನಿಮ್ಮಪ್ಪನ ಮನೇದು ಹಾಕು."

"ಬ್ಯಾಡ ಅಕ್ಕ."

"ಯಾಕೆ? ಆರ್ಡರು ಕಿಕ್ಕೇರಿಗೆ ಹೋದ್ರೆ ನಿನ್ ಕೈಗೆ ಬಂದದಾ?"

"ತವರುಮನೆ ವಿಳಾಸ ಹಾಕ್ದೆ ಅಂದ್ರೆ ಮನೆ ಬಿಟ್ಟೋಳು ಅಂತಾರೆ. ಮೇಲು, ಫೋನು ಗೊತ್ತಾಗ್ದೆ ಇರ್ಬೋದು. ಇದು ಗೊತ್ತಾಯ್ತದೆ. ಮದ್ವೆಯಾದೋಳು ನಾಗಮಂಗಲದ ವಿಳಾಸ ಕೊಟ್ಲಾ ಅಂತ ಊರೇ ಆಡ್ಕತದೆ."

ನಾನು ಒತ್ತಾಯ ಮಾಡಲಿಲ್ಲ. ಎದುರಿನವರಿಗೆ ಬೇಕಾದಷ್ಟು ಹೊತ್ತು ಕೊಡದ ಚೌಕಾಸಿ ಮುರಿದು ಬೀಳುತ್ತದೆ. ಕರ್ಸರು ಆ ಖಾಲಿ ಜಾಗದಲ್ಲಿ ಮಿಣುಕುತ್ತಾ ಇತ್ತು. ಹೊರಗೆ ಬಸ್ಸೊಂದು ಬಂದು ನಿಂತು ಹೋಯಿತು. ಅವಳೇ ಹತ್ತಿರ ಬಂದು, ನನ್ನ ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡು, ತವರಿನ ವಿಳಾಸ ನಿಧಾನವಾಗಿ ಟೈಪ್ ಮಾಡಿದಳು. ಅಪ್ಪನ ಹೆಸರಿನಲ್ಲಿ, ಅಂಕಪಟ್ಟಿಯಲ್ಲಿದ್ದ ಹಾಗೇ, ಒಂದಕ್ಷರ ತಪ್ಪಿಲ್ಲದೆ.

ಹೊಸದು ನಾಲ್ಕು ಪ್ರಿಂಟು ತೆಗೆದೆ. ಹಳೆಯ ಬೂದಿ ಶೀಟಿನದೂ ನಾಲ್ಕು ಕಾಪಿ ತೆಗೆದೆ. ಹೊಸದು ಫೈಲಿನಲ್ಲಿ ಸರ್ಟಿಫಿಕೇಟುಗಳ ಅಡಿಗೆ ಹೋಯಿತು, ಹಳೆಯದು ಮೇಲೆ ಕವರಿನಲ್ಲಿ. "ಯಾವ್ದು ಕೊಡ್ಬೇಕು ಅನ್ನೋದು ನಿಂಗೆ ಬಿಟ್ಟಿದ್ದು" ಎಂದೆ.

ಬೈಕು ಬಂತು. ಬೂಸಾ ಮೂಟೆ ಇರಲಿಲ್ಲ.

"ಆಯ್ತಾ ಅಕ್ಕ?" ಎಂದು ಒಳಗೆ ಬಂದವನು ಕವರು ತೆಗೆದುಕೊಂಡು ಒಂದೊಂದೇ ಹಾಳೆ ತಿರುವಿದ. ಅವನ ಕಣ್ಣು ಎಲ್ಲ ಹಾಳೆಯಲ್ಲೂ ಒಂದೇ ಸಾಲಿನ ಮೇಲೆ ನಿಲ್ಲುವುದನ್ನು ನೋಡಿದೆ. ಸಮಾಧಾನವಾಯಿತೇನೋ, ಮಡಿಚಿ ಇಟ್ಟ. ಆಮೇಲೆ ತಲೆಯೆತ್ತಿ ಗೋಡೆಯ ಬೋರ್ಡಿನಲ್ಲಿದ್ದ ಅಂಗಡಿಯ ನಂಬರು ನೋಡಿದ. ಜೇಬಿನಿಂದ ಫೋನು ತೆಗೆದ. ಮೇಜಿನ ಮೇಲೆ ಮಗುಚಿದ್ದ ನನ್ನ ಫೋನು ನಡುಗುತ್ತಾ ಅವನ ಕಡೆಗೇ ಒಂದಿಷ್ಟು ಸರಿಯಿತು.

"ನೀವೇನಾ ಆಸ್ಪತ್ರೆಯೋರು?"

"ನನ್ ಅಂಗ್ಡಿಲಿ ಪ್ರಿಂಟಾಗೋ ನಂಬರಿಗೆಲ್ಲ ನಾನೇ ಫೋನ್ ಮಾಡ್ತೀನಿ ಕಣಪ್ಪ. ಅಂಕಿ ತಪ್ಪಿದ್ರೆ ಗಿರಾಕಿ ಬಂದು ಬಯ್ತಾರೆ. ನಿಂದು ತಪ್ಪಿಲ್ಲ, ಚೆನ್ನಾಗಿ ಕೆಲ್ಸ ಮಾಡ್ತದೆ."

ಅವನು ನಕ್ಕ. ಆ ನಗು ಈಗಲೂ ಅಂಗಡಿಯ ಬಾಗಿಲು ಹಾಕುವಾಗ ನೆನಪಾಗುತ್ತದೆ. "ಇವ್ಳು ಕೇಳಿಸ್ಕೊಂಡ್ಳಾ?" ಎಂದು ಅವಳೆದುರಿಗೇ, ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬ ಹಾಗೆ ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಅವಳು, "ಏನ್ನ ಭಾವ? ನಾನು ಪಕ್ಕದಂಗ್ಡಿಲಿ ಗುಂಡುಪಿನ್ನು ತಗೊಳ್ಳೋಕೆ ಹೋಗಿದ್ದೆ" ಎಂದಳು. ಅಷ್ಟು ನಯವಾಗಿ ಸುಳ್ಳು ಹೇಳಲು ಯಾರಿಂದ ಕಲಿತಳೋ ನನಗೆ ಹೊಳೆಯಿತು.

"ನಡಿ ಮತ್ತೆ, ಹೊತ್ತಾಯ್ತು" ಎಂದ. ದುಡ್ಡು ಕೊಟ್ಟ. ಚೌಕಾಸಿ ಮಾಡಲಿಲ್ಲ. ಚೌಕಾಸಿ ಮಾಡದ ಗಂಡಸನ್ನು ಕಂಡರೆ ನನಗೆ ಮೊದಲಿಂದಲೂ ಭಯ.

ಶ್ರೀರಂಗಪಟ್ಟಣದ ಆಸ್ಪತ್ರೆಯಲ್ಲಿ ಅವಳು ಯಾವ ಹಾಳೆ ಕೊಟ್ಟಳು ಎಂಬುದು ನನಗೆ ಗೊತ್ತಾದದ್ದು ಅವಳೇ ಫೋನ್ ಮಾಡಿದಾಗ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಾಗ ಆಸ್ಪತ್ರೆಯಿಂದ ಅವಳ ಫೋನಿಗೆ ಕರೆ ಬಂದಿತ್ತು. ಒದ್ದೆ ಕೈಯಲ್ಲೇ ಎತ್ತಿ, ಬರ್ತೀನಿ ಅಂದಿದ್ದಳು. ಇ-ಮೇಲೂ ಬಂತು. ಆರ್ಡರು ನಾಗಮಂಗಲದ ಕಡೆ ಅಪ್ಪನ ಕೈ ಸೇರಿತು. ಅಪ್ಪ ಅದನ್ನು ಹಿಡಿದುಕೊಂಡು, ಮದುವೆಯ ಮಾತುಕತೆಗೆ ಕೂತಿದ್ದ ಇಬ್ಬರನ್ನು ಜೊತೆ ಮಾಡಿಕೊಂಡು ಕಿಕ್ಕೇರಿಗೆ ಹೋದ. ನಾಲ್ಕು ಜನರೆದುರು ಕೊಟ್ಟ ಮಾತು, ಬೇಡ ಅನ್ನಲು ಬಾಯಿ ಬರಲಿಲ್ಲ ಯಾರಿಗೂ.

"ಭಾವ ಏನಂದ?"

"ಏನೂ ಅನ್ನಿಲ್ಲ ಅಕ್ಕ. ಒಳ್ಳೇದಾಯ್ತು ಅಂದ್ರು. ಅವ್ರೇ ಬಂದು ಆಸ್ಪತ್ರೆ ಹಾಸ್ಟೆಲ್‌ಗೆ ಬಿಟ್ಟೋದ್ರು. ನನ್ ಟ್ರಂಕು ಹೊತ್ಕೊಂಡ್ರು."

ನನಗೆ ಅದು ಹಿಡಿಸಲಿಲ್ಲ. ಸೋತವನು ಬೈದರೆ ಸರಿ, ಟ್ರಂಕು ಹೊತ್ತರೆ ಲೆಕ್ಕ ಮುಗಿದಿಲ್ಲ. ಹಾಗೆಂದು ಅವಳಿಗೆ ಹೇಳಿದೆ. "ನೀವೊಬ್ರು ಸುಮ್ನಿರಿ ಅಕ್ಕ" ಎಂದು ನಕ್ಕಳು. ಮೊದಲ ವಾರದ ರಜೆಗೆ ಗಂಡನ ಮನೆಗೇ ಹೋಗುತ್ತೇನೆ, ಹೆದರಿದೆ ಅಂತ ತೋರಿಸಬಾರದು ಎಂದಳು. ಗಂಡ ಕೆಟ್ಟವನಲ್ಲವಂತೆ. ಅಣ್ಣನೆದುರು ಬಾಯಿ ತೆರೆಯುವುದಿಲ್ಲ, ಅಷ್ಟೇ.

ರಜೆಯ ಹಿಂದಿನ ದಿನ ಮಧ್ಯಾಹ್ನ ಅವಳ ಫೋನು ಬಂತು.

ಭಾವ ಬೆಳಿಗ್ಗೆ ಆಸ್ಪತ್ರೆಯ ಆಫೀಸಿಗೆ ಬಂದಿದ್ದನಂತೆ. ಇವಳಿಗೆ ಗೊತ್ತೇ ಇಲ್ಲ, ವಾರ್ಡಿನಲ್ಲಿದ್ದಳು. ಆಫೀಸಿನಲ್ಲಿ ದಾಖಲೆ ನೋಡಿಕೊಳ್ಳುವ ಹೆಂಗಸಿನ ಹತ್ತಿರ, ಹಣ್ಣಿನ ಚೀಲ ಇಟ್ಟು, ನಮ್ಮ ಮನೆ ಸೊಸೆಯ ರೆಸ್ಯೂಮಿನಲ್ಲಿ ಯಾರೋ ಝೆರಾಕ್ಸ್ ಅಂಗಡಿಯವಳು ನಂಬರು, ಮೇಲು, ವಿಳಾಸ ಎಲ್ಲ ತಪ್ಪು ಹಾಕಿಬಿಟ್ಟಿದ್ದಾಳೆ, ಇದು ಸರಿಯಾದ್ದು, ತಿದ್ದಿಕೊಳ್ಳಿ ಎಂದು ತನ್ನ ಹಳೇ ಶೀಟು ಕೊಟ್ಟನಂತೆ. ಆ ಹೆಂಗಸು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಳು. ಇವಳು ಕೊಟ್ಟ ಹಾಳೆಯ ಹೆಸರು ಅಂಕಪಟ್ಟಿಗೂ ನೋಂದಣಿಗೂ ಇ-ಮೇಲಿಗೂ ಹೊಂದುತ್ತಿತ್ತು. ಕಾಯಂ ವಿಳಾಸ ಆಧಾರಿಗೆ ಹೊಂದುತ್ತಿತ್ತು. ಅವನು ಕೊಟ್ಟದ್ದು ಯಾವುದಕ್ಕೂ ಹೊಂದುತ್ತಿರಲಿಲ್ಲ. "ತಿದ್ದುಪಡಿ ಬೇಕಾದ್ರೆ ಅವರೇ ಬರೆದು ಸಹಿ ಮಾಡಿ ಕೊಡಬೇಕು ಸರ್, ಬೇರೆಯವರು ಹೇಳಿದ್ರೆ ಮಾಡೋಕಾಗಲ್ಲ" ಎಂದಳಂತೆ.

ಅವನಿಗೆ ಬೇಸರವೇ ಆಗಲಿಲ್ಲವಂತೆ. "ಹೌದಲ್ವಾ, ಅದೇ ಸರಿ" ಎಂದು ಕೈ ಮುಗಿದು ಎದ್ದನಂತೆ. "ನಾಳೆ ಮನೆಗೆ ಬರ್ತಾಳೆ. ಅವಳ ಕೈಯಲ್ಲೇ ಬರೆಸ್ಕೊಂಡು ಬರ್ತೀನಿ. ಹಂಗೇ ರಾಜೀನಾಮೆಗೆ ಏನೇನು ಬೇಕು ಅಂತಾನೂ ಹೇಳ್ಬಿಡಿ" ಎಂದನಂತೆ.

ಆ ಹೆಂಗಸು ಇವಳನ್ನು ಕೆಳಗೆ ಕರೆಸಿ ಇಷ್ಟನ್ನೂ ಹೇಳಿ, ಏನಮ್ಮ, ಎಲ್ಲ ಸರಿ ಇದೆಯಾ ಎಂದು ಕೇಳಿದ್ದಳು. ಇವಳು ಸರಿ ಇದೆ ಅಂದುಬಿಟ್ಟಿದ್ದಳು.

"ಅಕ್ಕ, ನಾಳೆ ಹೋಗ್ನಿಲ್ಲ ಅಂದ್ರೆ ಅದನ್ನೇ ದೊಡ್ಡದು ಮಾಡ್ತಾರೆ. ಹೋದ್ರೆ..." ಎಂದು ನಿಲ್ಲಿಸಿದಳು.

ನಾನು ಸಲಹೆ ಕೊಡುವುದರಲ್ಲಿ ಹಿಂದೆ ಬಿದ್ದವಳಲ್ಲ. ಆದರೆ ಇದು ಟೈಪ್ ಮಾಡಿ ಮುಗಿಸುವ ಕೆಲಸವಾಗಿರಲಿಲ್ಲ. ಕಾಗದದ ಮೇಲೆ ಹೆಸರು ಸರಿ ಮಾಡುವುದು ಸುಲಭ. ಆ ಹೆಸರು ಹೊತ್ತವಳು ಒಂದು ಮನೆಯ ಬಾಗಿಲು ದಾಟಿ ಒಳಗೆ ಹೋಗಬೇಕು.

"ಮೊದ್ಲು ಆಫೀಸಿಗೆ ಹೋಗು. ಹೋಗಿ ಸರಿ ಇಲ್ಲ ಅಂತ ಹೇಳು. ನಾನೇ ಖುದ್ದಾಗಿ ಬಂದು ಕೊಡದೇ ಇರೋ ಯಾವ ಕಾಗದಾನೂ, ನನ್ ಸಹಿ ಇದ್ರೂ, ತಗೋಬೇಡಿ ಅಂತ ಇವತ್ತೇ ಬರೆದುಕೊಡು. ನಿನ್ ಇ-ಮೇಲಿಂದಾನೂ ಅದನ್ನೇ ಕಳಿಸು, ಎರಡೂ ಇರ್ಲಿ. ಆಮೇಲೆ ನಿಮ್ಮಪ್ಪಂಗೆ ಫೋನ್ ಮಾಡು."

ಮಾರನೆಯ ದಿನ ಅವಳು ಪಾಂಡವಪುರದಲ್ಲಿ ಬಸ್ಸಿಳಿದಳು. ಇಲ್ಲಿಂದ ಕೆ.ಆರ್.ಪೇಟೆ, ಕಿಕ್ಕೇರಿ ಕಡೆಗೆ ಒಂದು ದಾರಿ, ನಾಗಮಂಗಲಕ್ಕೆ ಒಂದು. ಅಂಗಡಿಗೆ ಬರಲಿಲ್ಲ, ರಸ್ತೆಯಾಚೆಯಿಂದಲೇ ಕೈ ಎತ್ತಿದಳು. ಟೀ ಅಂಗಡಿಯ ಪಕ್ಕ ಅವನ ಬೈಕು ಆಗಲೇ ನಿಂತಿತ್ತು. ಅವನು ಸೀಟಿನ ಮೇಲೆ ಕೂತು, ಹಿಂದೆ ಅವಳಿಗೆ ಜಾಗ ಬಿಟ್ಟುಕೊಂಡು, ಅವಳ ಕಡೆ ನೋಡುತ್ತಿದ್ದ.

ನಾಗಮಂಗಲದ ಬಸ್ಸು ಬಂತು. ಅವಳ ಫೋನು ಹೊಡೆದುಕೊಂಡಿತು. ಅವಳು ನೋಡಿ, ಎತ್ತಿ, ಗಂಡನ ಫೋನಿರಬೇಕು, ಬಸ್ಸು ಹತ್ತುತ್ತಾ ಹತ್ತುತ್ತಾ ಜೋರಾಗಿಯೇ ಹೇಳಿದಳು: "ಅಪ್ಪನ ಮನೆಗೆ ಹೋಗ್ತಾ ಇವ್ನಿ. ನೀವೊಬ್ರೇ ಬನ್ನಿ, ನಿಮ್ಮಣ್ಣನ ಕರ್ಕೊಂಡು ಬರ್ಬೇಡಿ."

ಬಸ್ಸು ಹೊರಟಿತು. ಅವನು ಅದರ ಹಿಂದೆ ಹೋಗಲಿಲ್ಲ. ಬೈಕು ಇಳಿದು, ರಸ್ತೆ ದಾಟಿ, ನನ್ನ ಅಂಗಡಿಯ ಮೆಟ್ಟಿಲು ಹತ್ತಿ, ಗಿರಾಕಿಗಳು ಕೂರುವ ಸ್ಟೂಲು ಎಳೆದುಕೊಂಡು ಕೂತ.

"ಅರ್ಜೆಂಟೇನಿಲ್ಲ ಅಕ್ಕ" ಎಂದ. "ನಿಮ್ ಕೆಲ್ಸ ಮುಗಿಸ್ಕೊಳ್ಳಿ."